ಡಾಲಿಯೋ, ಝೂಮೋ, ಪ್ಯಾನೋ? ಕಟ್ ಮಾಡದೆ ಆತಂಕ ಏರಿಸುವ ಶಾಟಿಗೆ ಕ್ಯಾಮೆರಾ ಚಲನೆ ಆರಿಸುವುದು ಹೇಗೆ

ಅನಿಮೇಷನ್ ಮಾಡುವಾಗ ಕಟ್ ಇಲ್ಲದ ಶಾಟಿನಲ್ಲಿ ಬಿಗುವು ತರಬೇಕು ಅಂದ ಕೂಡಲೇ ಹೆಚ್ಚಿನವರು ಕ್ಯಾಮೆರಾವನ್ನು ಪಾತ್ರದ ಮುಖದ ಕಡೆಗೆ ಮೆಲ್ಲಗೆ ತಳ್ಳುತ್ತಾರೆ. ಕೆಲವೊಮ್ಮೆ ಅದು ಕೆಲಸ ಮಾಡುತ್ತದೆ. ಎಷ್ಟೋ ಸಲ ಮುಖ ದೊಡ್ಡದಾಗುತ್ತದೆ, ಭಯ ಮಾತ್ರ ಇದ್ದಲ್ಲೇ ಇರುತ್ತದೆ. ಕಾರಣ ಸಾಮಾನ್ಯವಾಗಿ ವೇಗದಲ್ಲಿ ಇರುವುದಿಲ್ಲ, ಆಯ್ಕೆಯಲ್ಲಿ ಇರುತ್ತದೆ. ಡಾಲಿ ಬೇಕಾದಲ್ಲಿ ಝೂಮ್ ಬಳಸಿರುತ್ತಾರೆ, ಝೂಮ್ ಸಾಕಾಗಿದ್ದಲ್ಲಿ ಡಾಲಿ ಮಾಡಿ ರೆಂಡರ್ ಸಮಯ ಸುಟ್ಟಿರುತ್ತಾರೆ. ಇಲ್ಲಿ ಒಂದೇ ಶಾಟನ್ನು ಮುಂದಿಟ್ಟುಕೊಂಡು ಈ ಚಲನೆಗಳನ್ನೆಲ್ಲ ಅದರ ಮೇಲೆ ಹಾಕಿ ನೋಡೋಣ.

ಶಾಟ್ ಹೀಗಿದೆ. ಹಳೇ ಮನೆಯ ಉದ್ದನೆ ಪಡಸಾಲೆ, ರಾತ್ರಿ, ಕರೆಂಟಿಲ್ಲ. ಲಾಟೀನಿನ ಬೆಳಕಲ್ಲಿ ಒಬ್ಬಳು ಹುಡುಗಿ ನೆಲದ ಮೇಲೆ ಕೂತು ಓದುತ್ತಿದ್ದಾಳೆ. ಅವಳ ಹಿಂದೆ ಮುಚ್ಚಿದ ಕೋಣೆಯ ಬಾಗಿಲು. ಬಾಗಿಲು ಸ್ವಲ್ಪ ತೆರೆಯುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ. ಎಡಗಡೆ ಸರಳುಗಳಿರುವ ಕಿಟಕಿ. ಕ್ಯಾಮೆರಾಕ್ಕೂ ಹುಡುಗಿಗೂ ನಡುವೆ ಪಡಸಾಲೆಯ ಕಂಬ. ಒಟ್ಟು 12 ಸೆಕೆಂಡು, ಸೆಕೆಂಡಿಗೆ 24 ಫ್ರೇಮಿನಂತೆ 288 ಫ್ರೇಮ್.

ಅಳತೆಗಳನ್ನೂ ಹಿಡಿದುಕೊಳ್ಳಿ, ಮುಂದೆ ಇವೇ ಬೇಕಾಗುತ್ತವೆ. ಹುಡುಗಿ ಕ್ಯಾಮೆರಾದಿಂದ 5 ಮೀಟರ್ ದೂರ. ಬಾಗಿಲು ಅವಳಿಂದ ಇನ್ನೂ 4 ಮೀಟರ್ ಹಿಂದೆ, ಅಂದರೆ ಕ್ಯಾಮೆರಾದಿಂದ 9 ಮೀಟರ್. ಬಾಗಿಲಿನ ಎತ್ತರ 2 ಮೀಟರ್, ಹುಡುಗಿಯ ತಲೆಯ ಎತ್ತರ 20 ಸೆಂಟಿಮೀಟರ್. ಲೆನ್ಸ್ 50 ಮಿಲಿಮೀಟರ್, ಸೆನ್ಸರ್ ಅಗಲ 36 ಮಿಲಿಮೀಟರ್. 3ಡಿ ಸಾಫ್ಟ್‌ವೇರ್ ಬ್ಲೆಂಡರಿನಲ್ಲಿ ಹೊಸ ಕ್ಯಾಮೆರಾ ಹಾಕಿದರೆ ಸಿಗುವುದು ಇದೇ. ಚಿತ್ರದ ಅನುಪಾತ 16:9.

ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಭಯ ಎಲ್ಲಿದೆ? ಪಾತ್ರದ ತಲೆಯೊಳಗಿದೆಯೋ, ಅವಳ ಹಿಂದೆ ಫ್ರೇಮಿನೊಳಗೇ ಇದೆಯೋ, ಫ್ರೇಮಿನ ಆಚೆ ಇದೆಯೋ? ಕಟ್ ಇಲ್ಲದಿದ್ದಾಗ ನೋಡುವವನಿಗೆ ಏನು ತೋರಿಸಬೇಕು, ಯಾವಾಗ ತೋರಿಸಬೇಕು ಅನ್ನುವುದನ್ನು ಕ್ಯಾಮೆರಾ ಒಂದೇ ನಿರ್ಧರಿಸುತ್ತದೆ. ಹಾಗಾಗಿ ಭಯದ ಜಾಗ ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಎರಡನೆಯದು, ನಿಮ್ಮ ದೃಶ್ಯಕ್ಕೆ ನಿಜವಾದ ಆಳ ಇದೆಯೇ? ಒಂದೇ ಹಾಳೆಯ ಮೇಲೆ ಬರೆದ ಹಿನ್ನೆಲೆಯೋ, ಬಿಡಿಬಿಡಿ ಲೇಯರುಗಳೋ, ಪೂರ್ತಿ 3ಡಿ ಸೆಟ್ಟೋ? ಮೂರನೆಯದು ಖರ್ಚು. ಹಿನ್ನೆಲೆಯನ್ನು ಒಂದು ಸಲ ರೆಂಡರ್ ಮಾಡಿ ಎಲ್ಲಾ ಫ್ರೇಮಿಗೂ ಬಳಸಬಹುದೇ, ಪ್ರತಿ ಫ್ರೇಮಿಗೂ ಹೊಸದಾಗಿ ಬೇಕೇ? ಕೊನೆಯದಾಗಿ, ಎಡಿಟಿಂಗ್ ಮುಗಿಯುವ ಹೊತ್ತಿಗೆ ನಿರ್ದೇಶಕರು "ಸ್ವಲ್ಪ ನಿಧಾನ ಮಾಡಿ" ಅಂದರೆ ಮತ್ತೆ ರೆಂಡರ್ ಮಾಡಬೇಕಾಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಯಾರೂ ಮೊದಲು ಕೇಳುವುದಿಲ್ಲ. ಕೇಳಬೇಕು.

ಝೂಮ್: ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತದೆ

ಝೂಮಿನಲ್ಲಿ ಕ್ಯಾಮೆರಾ ಇದ್ದಲ್ಲೇ ಇರುತ್ತದೆ, ಫೋಕಲ್ ಲೆಂತ್ ಮಾತ್ರ ಬದಲಾಗುತ್ತದೆ. ನಮ್ಮ ಶಾಟಿನಲ್ಲಿ 50ರಿಂದ 85 ಮಿಲಿಮೀಟರಿಗೆ ಹೋದರೆ ಹುಡುಗಿ 1.7 ಪಟ್ಟು ದೊಡ್ಡವಳಾಗುತ್ತಾಳೆ. ಬಾಗಿಲೂ 1.7 ಪಟ್ಟು. ಫ್ರೇಮಿನ ಎತ್ತರದಲ್ಲಿ ಮೊದಲು ಶೇ. 55 ಇದ್ದ ಬಾಗಿಲು ಕೊನೆಗೆ ಶೇ. 93 ಆಕ್ರಮಿಸುತ್ತದೆ. ಸುತ್ತಲಿನ ಗೋಡೆ, ನೆಲ ಎಲ್ಲ ಫ್ರೇಮಿನಿಂದ ಹೊರಗೆ ಹೋಗುತ್ತವೆ. ಉಳಿಯುವುದು ಹುಡುಗಿ, ಬಾಗಿಲು ಎರಡೇ.

ಅಂದರೆ ಭಯ ಪಾತ್ರದ ಹಿಂದೆ ಇದ್ದು, ಅದನ್ನೂ ಅವಳನ್ನೂ ಒಂದೇ ಫ್ರೇಮಿನಲ್ಲಿ ಬಿಗಿಯಾಗಿ ಕಟ್ಟಿಹಾಕಬೇಕಾದರೆ ಝೂಮ್ ಒಳ್ಳೆಯದು. ನೋಡುವವನು ಜಾಗ ಬಿಟ್ಟು ಕದಲಿಲ್ಲ, ದೂರದಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾನೆ ಅನ್ನುವ ಭಾವ ಅದರಲ್ಲಿದೆ. ಕೈಲಾಗದೆ ನೋಡುತ್ತಾ ಕೂರುವ ಹಿಂಸೆ ಬೇಕಿದ್ದರೆ ಇದೇ ಸರಿ. ಆದರೆ ಹುಡುಗಿಯ ಮನಸ್ಸಿನೊಳಕ್ಕೆ ಇಳಿಯಬೇಕಾದರೆ ಝೂಮ್ ಸೋಲುತ್ತದೆ, ಅವಳಿಗೂ ಹಿನ್ನೆಲೆಗೂ ಇರುವ ಸಂಬಂಧ ಒಂದಿಷ್ಟೂ ಬದಲಾಗುವುದಿಲ್ಲವಲ್ಲ.

ಝೂಮಿನ ದೊಡ್ಡ ತೊಂದರೆ ವೇಗದ್ದು. 50ರಿಂದ 85ಕ್ಕೆ ಎರಡು ಕೀಫ್ರೇಮ್ ಇಟ್ಟು ನಡುವೆ ನೇರ ಗೆರೆ ಬಿಟ್ಟರೆ, ಮೊದಲ ಫ್ರೇಮಿನಲ್ಲಿ ಚಿತ್ರ ಶೇ. 0.24ರಷ್ಟು ಬೆಳೆಯುತ್ತದೆ, ಕೊನೆಯ ಫ್ರೇಮಿನಲ್ಲಿ ಶೇ. 0.14 ಮಾತ್ರ. ಲೆಕ್ಕದಲ್ಲಿ ಒಂದೇ ವೇಗ, ಕಣ್ಣಿಗೆ ಮಾತ್ರ ಶಾಟ್ ಸುಸ್ತಾಗುತ್ತಾ ಹೋಗುತ್ತದೆ. ಆತಂಕ ಏರಬೇಕಾದ ಕಡೆ ಚಲನೆ ಇಳಿಯುತ್ತದೆ. ಝೂಮ್ ಹೆಚ್ಚಾದಷ್ಟೂ ಇದು ಎದ್ದು ಕಾಣುತ್ತದೆ. 1ರಿಂದ 4 ಪಟ್ಟಿಗೆ ಹೋಗುವ ಶಾಟಿನಲ್ಲಿ ಕೊನೆಯ ಎರಡು ಸೆಕೆಂಡು ಕ್ಯಾಮೆರಾ ನಿಂತೇಹೋದಂತೆ ಅನಿಸುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕೆಂದೇ `Exponential Scale` ಎಂಬ ಕೀಫ್ರೇಮ್ ಸಹಾಯಕ ಇದೆ. ಅದು ಪ್ರತಿ ಫ್ರೇಮಿಗೂ ಒಂದೇ ಪ್ರಮಾಣದ ಬೆಳವಣಿಗೆ ಕೊಡುತ್ತದೆ. ಬ್ಲೆಂಡರಿನಲ್ಲಾದರೆ `Graph Editor` ತೆರೆದು ಕೊನೆಯ ಕೀಫ್ರೇಮಿನ ಹಿಡಿಕೆಯನ್ನು ಕಡಿದಾಗಿಸಿ, ಗೆರೆ ಕೊನೆಯಲ್ಲಿ ಮೇಲಕ್ಕೆ ಬಾಗುವಂತೆ ಮಾಡಿ. ಬ್ಲೆಂಡರ್ ತಾನಾಗಿ ಹಾಕುವ ಮೆದು ನಿಲುಗಡೆಯನ್ನು ಹಾಗೇ ಬಿಟ್ಟರೆ ಸುಸ್ತು ಇನ್ನೂ ಹೆಚ್ಚು ಕಾಣುತ್ತದೆ.

2ಡಿ ಕೆಲಸದಲ್ಲಿ ಝೂಮ್ ಅಂದರೆ ಚಿತ್ರವನ್ನೇ ಹಿಗ್ಗಿಸುವುದು. 1920 ಪಿಕ್ಸೆಲ್ ಅಗಲದ ವಿಡಿಯೋಗೆ 1.7 ಪಟ್ಟು ಝೂಮ್ ಬೇಕಾದರೆ ಹಿನ್ನೆಲೆಯನ್ನು ಕನಿಷ್ಠ 3264 ಪಿಕ್ಸೆಲ್ ಅಗಲಕ್ಕೆ ಬರೆಯಬೇಕು. ಬರೆದಾದ ಮೇಲೆ ಝೂಮ್ ಹೆಚ್ಚಿಸಿದರೆ ಬಣ್ಣ ಮಸುಕಾಗುತ್ತದೆ. ಗೆರೆಯೂ ದಪ್ಪವಾಗುತ್ತದೆ: ಮೊದಲು 3 ಪಿಕ್ಸೆಲ್ ಇದ್ದ ಗೆರೆ ಕೊನೆಗೆ 5 ಪಿಕ್ಸೆಲ್ ಆಗುತ್ತದೆ. ಪಾತ್ರ, ಹಿನ್ನೆಲೆ ಎರಡೂ ಒಟ್ಟಿಗೆ ಹಿಗ್ಗಿದರೆ ತೊಂದರೆಯಿಲ್ಲ. ಪಾತ್ರವನ್ನು ಕೊನೆಯ ಗಾತ್ರದಲ್ಲಿ ಹೊಸದಾಗಿ ಬರೆದು ಹಿನ್ನೆಲೆಯನ್ನು ಮಾತ್ರ ಹಿಗ್ಗಿಸಿದರೆ ಎರಡೂ ಬೇರೆ ಬೇರೆ ಕೈಯವು ಅಂತ ತಕ್ಷಣ ಗೊತ್ತಾಗುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ ಝೂಮಿಗೆ ಸಾಟಿಯಿಲ್ಲ. ಕ್ಯಾಮೆರಾ ಕದಲದೆ ಇರುವುದರಿಂದ ಹಿನ್ನೆಲೆಯನ್ನು ದೊಡ್ಡದಾಗಿ ಒಂದೇ ಒಂದು ಫ್ರೇಮ್ ರೆಂಡರ್ ಮಾಡಿದರೆ ಸಾಕು. ಫ್ರೇಮಿಗೆ 4 ನಿಮಿಷ ಹಿಡಿಯುವ ಸೆಟ್ ಅಂದುಕೊಳ್ಳಿ. 288 ಫ್ರೇಮಿಗೆ 19 ಗಂಟೆ ಮೀರುತ್ತದೆ. ಅದೇ 3264 ಅಗಲದ ಒಂದು ಚಿತ್ರಕ್ಕೆ ಸುಮಾರು 12 ನಿಮಿಷ. ಬಾಗಿಲು, ಹುಡುಗಿ, ಅವಳ ನೆರಳು ಇವನ್ನು ಬೇರೆ ಲೇಯರಾಗಿ ತೆಗೆದರೆ ಆಯಿತು. ಝೂಮಿನ ವೇಗವನ್ನು ಕಂಪೋಸಿಟಿಂಗಿನಲ್ಲಿ ಎಷ್ಟು ಸಲ ಬೇಕಾದರೂ ತಿದ್ದಬಹುದು. ಒಂದು ಷರತ್ತು: ಲಾಟೀನಿನ ಬೆಳಕು ಗೋಡೆಯ ಮೇಲೆ ಅಲುಗಾಡುವಂತಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಲಾಟೀನು ಉರಿಯುವ ಹಿನ್ನೆಲೆ, ಲಾಟೀನಿಲ್ಲದ ಹಿನ್ನೆಲೆ ಎರಡನ್ನೂ ತೆಗೆದು ಒಂದರ ಮೇಲೊಂದು ಹಾಕಿ, ಮೇಲಿನದರ ಪಾರದರ್ಶಕತೆಯನ್ನು ಅಲುಗಿಸಬೇಕು.

ಡಾಲಿ: ಹತ್ತಿರದ್ದು ಬೆಳೆಯುತ್ತದೆ, ದೂರದ್ದು ಹಿಂದುಳಿಯುತ್ತದೆ

ಡಾಲಿಯಲ್ಲಿ ಕ್ಯಾಮೆರಾವೇ ಮುಂದೆ ಹೋಗುತ್ತದೆ. ಹುಡುಗಿ ಅದೇ 1.7 ಪಟ್ಟು ದೊಡ್ಡವಳಾಗಬೇಕಾದರೆ ಕ್ಯಾಮೆರಾ 5 ಮೀಟರಿನಿಂದ 2.94 ಮೀಟರಿಗೆ ಬರಬೇಕು. ಬಾಗಿಲಿಗೆ ಆಗ ಇರುವ ದೂರ 6.94 ಮೀಟರ್, ಅದು ಬೆಳೆಯುವುದು 1.3 ಪಟ್ಟು ಮಾತ್ರ. ಫ್ರೇಮಿನ ಎತ್ತರದಲ್ಲಿ ಶೇ. 55ರಿಂದ ಶೇ. 71ಕ್ಕೆ. ಮುಖ ಎರಡರಲ್ಲೂ ಅಷ್ಟೇ, ಬಾಗಿಲಿನ ತೂಕ ಮಾತ್ರ ಬೇರೆ.

ಇದನ್ನು ಗಮನಿಸದೆ ಎಷ್ಟೋ ಹೆದರಿಕೆಯ ಶಾಟುಗಳು ಕೈಕೊಡುತ್ತವೆ. ಭಯ ಹಿಂದಿನ ಬಾಗಿಲಲ್ಲಿದೆ, ಕ್ಯಾಮೆರಾ ಹುಡುಗಿಯ ಕಡೆ ಡಾಲಿ ಹೋಗುತ್ತದೆ, ಅವಳ ಎದುರು ಬಾಗಿಲು ಸಣ್ಣದಾಗುತ್ತಾ ಹೋಗುತ್ತದೆ. ಕ್ಯಾಮೆರಾ ಅವಳ ಪರ ನಿಂತು ಅಪಾಯವನ್ನು ಹಿಂದಕ್ಕೆ ತಳ್ಳಿದಂತೆ! ಅದೇ ಭಯ ಅವಳ ಮನಸ್ಸಿನಲ್ಲಿದ್ದರೆ, ಅಂದರೆ ಅವಳಿಗೆ ಸದ್ದು ಕೇಳಿದೆ, ತಿರುಗಿ ನೋಡಲು ಧೈರ್ಯವಿಲ್ಲ ಅನ್ನುವ ಸಂದರ್ಭವಾದರೆ ಡಾಲಿಯಷ್ಟು ಸರಿಹೊಂದುವುದು ಬೇರೆ ಇಲ್ಲ. ಕಂಬ ಪಕ್ಕದಲ್ಲಿ ಸರಿದುಹೋಗುತ್ತದೆ, ನೋಡುವವನು ಅವಳಿರುವ ಜಾಗದೊಳಕ್ಕೇ ಕಾಲಿಟ್ಟಿರುತ್ತಾನೆ.

ವೇಗದಲ್ಲಿ ಡಾಲಿ ಝೂಮಿಗೆ ತದ್ವಿರುದ್ಧ. ಫ್ರೇಮಿಗೆ 7 ಮಿಲಿಮೀಟರ್ ಲೆಕ್ಕದಲ್ಲಿ ಒಂದೇ ವೇಗಕ್ಕೆ ತಳ್ಳಿದರೂ ಮುಖ ಮೊದಲ ಫ್ರೇಮಿನಲ್ಲಿ ಶೇ. 0.14 ಬೆಳೆದು ಕೊನೆಯಲ್ಲಿ ಶೇ. 0.24 ಬೆಳೆಯುತ್ತದೆ. ಏರಿಕೆ ತಾನಾಗಿಯೇ ಬರುತ್ತದೆ. ಆದ್ದರಿಂದ ಡಾಲಿಗೆ ಶುರುವಿನಲ್ಲಿ ಮೆದು ಆರಂಭ ಕೊಟ್ಟು ಮಿಕ್ಕದ್ದನ್ನು ನೇರ ಬಿಡುವುದೇ ಒಳ್ಳೆಯದು. ಅದರ ಮೇಲೆ ಇನ್ನೊಂದು ವೇಗವರ್ಧನೆ ಹಾಕಿದರೆ ಕೊನೆಯ ಒಂದು ಸೆಕೆಂಡಿನಲ್ಲಿ ಕ್ಯಾಮೆರಾ ಮುಖಕ್ಕೆ ನುಗ್ಗಿದಂತೆ ಕಾಣುತ್ತದೆ.

3ಡಿಯಲ್ಲಿ ಡಾಲಿ ಹಾಳಾಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಚೌಕಟ್ಟು. ಹುಡುಗಿ ಫ್ರೇಮಿನ ಎಡಭಾಗದಲ್ಲಿದ್ದಾಳೆ, ನಡುಗೆರೆಯಿಂದ 60 ಸೆಂಟಿಮೀಟರ್ ಆಚೆ ಅಂದುಕೊಳ್ಳಿ. ಕ್ಯಾಮೆರಾ ನೇರ ಮುಂದೆ ಹೋದರೆ ಅವಳು ನಡುವಿನಿಂದ ಅಂಚಿಗೆ ಇರುವ ದೂರದ ಮೂರನೇ ಒಂದು ಭಾಗದಲ್ಲಿ ಇದ್ದವಳು ಅರ್ಧಕ್ಕೂ ಆಚೆ ಜಾರುತ್ತಾಳೆ. ಝೂಮಿನಲ್ಲೂ ಹೀಗೇ ಆಗುತ್ತದೆ. ಇದನ್ನು ತಪ್ಪಿಸಲು ಕ್ಯಾಮೆರಾಕ್ಕೆ `Track To` ಹಾಕಿ ಹುಡುಗಿಯ ಮುಖಕ್ಕೆ ಕಟ್ಟುತ್ತಾರೆ; ಆಗ ಅವಳು ನಟ್ಟನಡುವೆ ಬಂದು ಕೂರುತ್ತಾಳೆ, ಬಾಗಿಲು ಬಲಗಡೆ ಅಂಚಿಗೆ ಹೋಗುತ್ತದೆ. ಅದರ ಬದಲು ಒಂದು `Empty` ತಂದು ಹುಡುಗಿಗೂ ನಡುಗೆರೆಗೂ ಮಧ್ಯೆ ಇಟ್ಟು ಕ್ಯಾಮೆರಾವನ್ನು ಅದಕ್ಕೆ ಕಟ್ಟಿ, ಶಾಟಿನ ಕೊನೆಗೆ ಆ `Empty`ಯನ್ನು ಬೇಕಾದಷ್ಟೇ ಅವಳ ಕಡೆ ಸರಿಸಿ. ಎರಡನೆಯದು ಹತ್ತಿರದ ವಸ್ತುಗಳು. ಕ್ಯಾಮೆರಾದ `Clip Start` 0.1 ಮೀಟರ್ ಇರುತ್ತದೆ. ಕಂಬವೋ ಲಾಟೀನಿನ ಹಿಡಿಯೋ ಅದಕ್ಕಿಂತ ಹತ್ತಿರ ಬಂದರೆ ಚಾಕುವಿನಲ್ಲಿ ಕೊಯ್ದಂತೆ ತುಂಡಾಗಿ ಒಳಗಿನ ಟೊಳ್ಳು ಕಾಣುತ್ತದೆ. ಒಂದೆರಡು ಫ್ರೇಮ್ ಮಾತ್ರ ಆಗುವುದರಿಂದ ಪ್ಲೇ ಮಾಡಿ ನೋಡುವಾಗ ಕಣ್ಣು ತಪ್ಪುತ್ತದೆ, ಕಂಬ ದಾಟುವ ಜಾಗದಲ್ಲಿ ಫ್ರೇಮ್ ಫ್ರೇಮಾಗಿ ನೋಡಬೇಕು.

ಕಂಬ ದಾಟುವಷ್ಟು ಆಳ 2ಡಿಯಲ್ಲಿ ಎಲ್ಲಿಂದ ಬರಬೇಕು? ಇಲ್ಲೊಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು: ಒಂದೇ ಹಾಳೆಯ ಚಿತ್ರದ ಮೇಲೆ ಡಾಲಿ ಎಂಬುದೇ ಇಲ್ಲ. ಕ್ಯಾಮೆರಾ ಹತ್ತಿರ ಹೋದರೂ ಲೆನ್ಸ್ ಬದಲಿಸಿದರೂ ಫಲ ಒಂದೇ, ಹಾಳೆಯಲ್ಲಿರುವುದೆಲ್ಲ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಮರಗಳ ಜೊತೆ ಆಕಾಶದ ಚಂದ್ರನೂ ದೊಡ್ಡದಾಗುತ್ತದೆ. ಡಿಸ್ನಿ ಸ್ಟುಡಿಯೋದವರು ಗಾಜಿನ ಹಲಗೆಗಳನ್ನು ಒಂದರ ಕೆಳಗೊಂದು ಇಟ್ಟ ಮಲ್ಟಿಪ್ಲೇನ್ ಕ್ಯಾಮೆರಾ ಕಟ್ಟಿ 1937ರಲ್ಲಿ ಬಳಕೆಗೆ ತಂದದ್ದು ಈ ತೊಡಕು ಬಿಡಿಸಲೆಂದೇ. ಇವತ್ತು ಅದೇ ಕೆಲಸಕ್ಕೆ ಗಾಜು ಬೇಡ, ಮೂರು ಲೇಯರ್ ಸಾಕು.

ನಮ್ಮ ಶಾಟಿಗೆ ಲೆಕ್ಕ ಹೀಗೆ. ಮುಂದಿನ ಕಂಬ 3.5 ಮೀಟರಿನಲ್ಲಿ, ಹುಡುಗಿ 5ರಲ್ಲಿ, ಬಾಗಿಲಿನ ಗೋಡೆ 9ರಲ್ಲಿ. ಕ್ಯಾಮೆರಾ 2.06 ಮೀಟರ್ ಮುಂದೆ ಹೋದರೆ ಪ್ರತಿ ಲೇಯರಿನ ಹಿಗ್ಗುವಿಕೆ ಅದರ ಹಳೆಯ ದೂರವನ್ನು ಹೊಸ ದೂರದಿಂದ ಭಾಗಿಸಿದಷ್ಟು: ಕಂಬ 2.43 ಪಟ್ಟು, ಹುಡುಗಿ 1.7, ಗೋಡೆ 1.3. ಲೇಯರುಗಳನ್ನು ಆಳದಲ್ಲಿ ಇಡುವ ಸೌಲಭ್ಯ ನಿಮ್ಮ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೂ ಈ ಮೂರು ಅಂಕಿಗಳನ್ನು ಸ್ಕೇಲಿಗೆ ಕೈಯಾರೆ ಹಾಕಿದರೆ ಡಾಲಿ ಬರುತ್ತದೆ. ಹಿಗ್ಗುವ ಬಿಂದು ಮೂರಕ್ಕೂ ಫ್ರೇಮಿನ ನಡುವೇ ಇರಬೇಕು, ಲೇಯರಿನ ನಡುವಲ್ಲ. ನಡುವಿನ ಫ್ರೇಮುಗಳಿಗೂ ಇದೇ ಭಾಗಾಕಾರ ಬೇಕು, ಬರೀ ಮೊದಲ ಮತ್ತು ಕೊನೆಯ ಕೀಫ್ರೇಮ್ ಸಾಲದು. ಪ್ರತಿ 24 ಫ್ರೇಮಿಗೊಂದು ಕೀ ಹಾಕಿದರೆ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಲೇಯರ್ ಡಾಲಿ ಕೈಕೊಡುವುದು ನೆಲದಲ್ಲಿ. ಹುಡುಗಿ 1.7 ಪಟ್ಟು, ಗೋಡೆ 1.3 ಪಟ್ಟು ಬೆಳೆದಾಗ ನಡುವಿನ 4 ಮೀಟರ್ ನೆಲ ಎರಡಕ್ಕೂ ಸೇರದೆ ಉಳಿಯುತ್ತದೆ. ನೆಲವನ್ನು ಗೋಡೆಯ ಲೇಯರಿನಲ್ಲೇ ಬರೆದಿದ್ದರೆ ಹುಡುಗಿ ಕೂತಲ್ಲೇ ಜಾರುತ್ತಿರುವಂತೆ ಕಾಣುತ್ತದೆ. ನೆಲವನ್ನು ಬೇರೆ ಲೇಯರ್ ಮಾಡಿ, ಅದನ್ನು 3ಡಿ ಜಾಗದಲ್ಲಿ ಮಲಗಿಸಿದರೆ ಸರಿಹೋಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಅವಳ ಹಿಂದೆ ಅಡಿಕೆ ಮೂಟೆಯೋ ಮಡಿಚಿಟ್ಟ ಚಾಪೆಯೋ ಬರೆದು ನೆಲ ಗೋಡೆ ಸೇರುವ ಗೆರೆಯನ್ನೇ ಮರೆಮಾಡಿ. ಕಂಬ ಸರಿದ ಜಾಗದಲ್ಲಿ ಹಿಂದೆ ಏನಿದೆ ಅನ್ನುವುದನ್ನೂ ಬರೆದಿರಬೇಕು, ಮರೆತರೆ ಬಿಳಿ ಪಟ್ಟಿ ಇಣುಕುತ್ತದೆ.

ಡಾಲಿಯೂ ಝೂಮೂ ಒಟ್ಟಿಗೆ, ಎದುರುಬದುರಾಗಿ

ಕ್ಯಾಮೆರಾ ಹಿಂದೆ ಸರಿಯುತ್ತಾ ಲೆನ್ಸ್ ಒಳಗೆ ಝೂಮ್ ಆದರೆ, ಅಥವಾ ಇದರ ತಿರುವುಮುರುವು ಆದರೆ, ಹುಡುಗಿಯ ಗಾತ್ರ ಒಂದಿಷ್ಟೂ ಬದಲಾಗದೆ ಹಿನ್ನೆಲೆ ಮಾತ್ರ ಬೆಳೆಯುತ್ತದೆ ಇಲ್ಲವೇ ಕುಗ್ಗುತ್ತದೆ. ಸೂತ್ರ ಸುಲಭ: ದೂರವನ್ನು ಫೋಕಲ್ ಲೆಂತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಶಾಟಿನುದ್ದಕ್ಕೂ ಒಂದೇ ಇರಬೇಕು. 5 ಮೀಟರಿಗೆ 50 ಅಂದರೆ 10 ಮೀಟರಿಗೆ 100, 2.5 ಮೀಟರಿಗೆ 25.

ಯಾವ ದಿಕ್ಕು ಅನ್ನುವುದೇ ಇಲ್ಲಿ ಮುಖ್ಯ. ಕೆಳಗಿನ ಪಟ್ಟಿಯಲ್ಲಿ ಕೊನೆಯ ಕಾಲಮ್ ನೋಡಿ, ಬಾಗಿಲು ಹುಡುಗಿಯ ತಲೆಗಿಂತ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅದು ಹೇಳುತ್ತದೆ.

| ಚಲನೆ | ತಲೆ, ಫ್ರೇಮ್ ಎತ್ತರದ ಶೇ. | ಬಾಗಿಲು, ಫ್ರೇಮ್ ಎತ್ತರದ ಶೇ. | ತಲೆಗೆ ಹೋಲಿಸಿದರೆ ಬಾಗಿಲು |
|---|---|---|---|
| ಶುರುವಿನ ಫ್ರೇಮ್ | 10 | 55 | 5.6 ಪಟ್ಟು |
| ಝೂಮ್ 50ರಿಂದ 85 | 17 | 93 | 5.6 ಪಟ್ಟು |
| ಡಾಲಿ 5ರಿಂದ 2.94 ಮೀ. | 17 | 71 | 4.2 ಪಟ್ಟು |
| ಹಿಂದಕ್ಕೆ ಡಾಲಿ 5ರಿಂದ 10 ಮೀ., ಝೂಮ್ 50ರಿಂದ 100 | 10 | 71 | 7.1 ಪಟ್ಟು |
| ಮುಂದಕ್ಕೆ ಡಾಲಿ 5ರಿಂದ 2.5 ಮೀ., ಝೂಮ್ 50ರಿಂದ 25 | 10 | 38 | 3.8 ಪಟ್ಟು |

ಅಪಾಯ ಹಿಂದಿನಿಂದ ಬರುತ್ತಿದೆ ಅಂದರೆ ಹಿಂದಕ್ಕೆ ಡಾಲಿ. ಹುಡುಗಿ ಅಲ್ಲಾಡದೆ ಕೂತಿರುವಾಗ ಬಾಗಿಲು ಅವಳ ಬೆನ್ನಿಗೆ ಹತ್ತಿರವಾಗುತ್ತಾ ಬರುತ್ತದೆ. ಮನೆಯೇ ಅವಳ ಮೇಲೆ ಮುಚ್ಚಿಕೊಳ್ಳುತ್ತಿರುವ ಹಾಗೆ. ಮುಂದಕ್ಕೆ ಡಾಲಿ ಮಾಡಿದರೆ ಪಡಸಾಲೆ ಹಿಗ್ಗಿ ಬಾಗಿಲು ದೂರ ಓಡುತ್ತದೆ. ಅವಳಿಗೆ ಈಗಷ್ಟೇ ಏನೋ ಹೊಳೆದು ಎದೆ ಧಸಕ್ಕೆಂದಿತು ಅನ್ನುವ ಗಳಿಗೆಗೆ ಅದು ಸರಿ. ಹಿಂದೆ ಅಪಾಯ ಇರುವ ಶಾಟಿಗೆ ಮುಂದಕ್ಕೆ ಡಾಲಿ ಹಾಕಿದರೆ ಅರ್ಥವೇ ತಲೆಕೆಳಗು.

ಬ್ಲೆಂಡರಿನಲ್ಲಿ ಎರಡಕ್ಕೂ ಬೇರೆ ಬೇರೆ ಕೀಫ್ರೇಮ್ ಹಾಕಿ ಹೊಂದಿಸಲು ಹೋಗಬೇಡಿ. ಮೊದಲ ಮತ್ತು ಕೊನೆಯ ಫ್ರೇಮಿನಲ್ಲಿ ಸರಿಯಿದ್ದರೂ ನಡುವೆ ಮುಖ ಉಬ್ಬಿ ಇಳಿಯುತ್ತದೆ, ಉಸಿರಾಡಿದಂತೆ. ಡ್ರೈವರ್ ಹಾಕಿ. ಹುಡುಗಿ ಇರುವಷ್ಟೇ ಆಳದಲ್ಲಿ ಒಂದು `Empty` ಇಡಿ. ಕ್ಯಾಮೆರಾ ಆರಿಸಿ `Focal Length` ಮೇಲೆ ಬಲ ಕ್ಲಿಕ್ ಮಾಡಿ `Add Driver` ಒತ್ತಿ. ಅದರಲ್ಲಿರುವ ವೇರಿಯೇಬಲ್ಲಿಗೆ `dist` ಅಂತ ಹೆಸರು ಕೊಟ್ಟು, ಅದರ ಬಗೆಯನ್ನು `Distance` ಮಾಡಿ, ಎರಡು ವಸ್ತುಗಳಾಗಿ ಕ್ಯಾಮೆರಾವನ್ನೂ `Empty`ಯನ್ನೂ ಆರಿಸಿ. `Expression` ಜಾಗದಲ್ಲಿ ಹೀಗೆ ಬರೆಯಿರಿ:

```
dist*10
```

10 ಬಂದದ್ದು 50ನ್ನು 5ರಿಂದ ಭಾಗಿಸಿ. ನಿಮ್ಮ ಶಾಟಿನ ಅಳತೆ ಬೇರೆಯಾದರೆ ಆ ಸಂಖ್ಯೆಯೂ ಬೇರೆ. ಇನ್ನು ಕ್ಯಾಮೆರಾವನ್ನು ಅದರ ನೋಟದ ಗೆರೆಯಲ್ಲೇ ಹಿಂದೆ ಮುಂದೆ ಸರಿಸಿದರೆ ಸಾಕು, ಲೆನ್ಸ್ ತಾನಾಗಿ ಹಿಂಬಾಲಿಸುತ್ತದೆ.

`Empty`ಯನ್ನು ಹುಡುಗಿಯ ಮುಖದ ಮೇಲೇ ಇಡುವುದು ಸಹಜ ಅನಿಸಿದರೂ ಅದು ಸರಿಯಲ್ಲ. ಡ್ರೈವರ್ ಅಳೆಯುವುದು ಓರೆ ದೂರವನ್ನು, ಗಾತ್ರ ನಿರ್ಧಾರವಾಗುವುದು ನೇರ ಆಳದಿಂದ. ಅವಳು ನಡುಗೆರೆಯಿಂದ 60 ಸೆಂಟಿಮೀಟರ್ ಆಚೆ ಇದ್ದರೆ 5ರಿಂದ 2.5 ಮೀಟರಿಗೆ ಬರುವಷ್ಟರಲ್ಲಿ ಮುಖ ಸುಮಾರು ಶೇ. 2 ಉಬ್ಬುತ್ತದೆ. ಸ್ಥಿರವಾಗಿರಬೇಕಾದ ಮುಖದಲ್ಲಿ ಅಷ್ಟು ಸಾಕು, ಏನೋ ಸರಿಯಿಲ್ಲ ಅನಿಸಲು. `Empty`ಯನ್ನು ಅವಳಷ್ಟೇ ಆಳದಲ್ಲಿ, ಆದರೆ ಕ್ಯಾಮೆರಾದ ನಡುಗೆರೆಯ ಮೇಲೆ ಇಡಿ.

ಹುಡುಗಿಯಿಂದ 10 ಮೀಟರ್ ದೂರದವರೆಗೆ ಹಿಂದೆ ಹೋಗಲು ಪಡಸಾಲೆಯಲ್ಲಿ ಜಾಗವಿಲ್ಲದಿದ್ದರೆ ಎದುರಿನ ಗೋಡೆ ದಾಟಬೇಕಾಗುತ್ತದೆ. ಬ್ಲೆಂಡರಿನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಆ ಗೋಡೆಯ `Ray Visibility` ಒಳಗೆ `Camera` ಗುರುತು ತೆಗೆದರೆ ಗೋಡೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ಬೆಳಕು ನೆರಳಿಗೆ ಮಾತ್ರ ಇದ್ದೇ ಇರುತ್ತದೆ. ಗೋಡೆಯನ್ನೇ ಅಳಿಸಿದರೆ ಲಾಟೀನಿನ ಬೆಳಕು ಪುಟಿಯುವುದು ನಿಂತು ಶಾಟಿನ ಬಣ್ಣವೇ ಬದಲಾಗುತ್ತದೆ. ಹಿನ್ನೆಲೆ ಮಸುಕು ಮಾಡುವ ಆಸೆಯನ್ನೂ ಇಲ್ಲಿ ಬಿಡಬೇಕು. ಲೆನ್ಸ್ ಉದ್ದವಾದಷ್ಟೂ ಬಾಗಿಲು ಮಸುಕಾಗುತ್ತದೆ, ಮಸುಕಾದ ಬಾಗಿಲು ಹತ್ತಿರ ಬಂದದ್ದು ಯಾರಿಗೂ ತಿಳಿಯುವುದಿಲ್ಲ. `Depth of Field` ಆಫ್ ಮಾಡಿಬಿಡಿ, ಇಲ್ಲವೇ `F-Stop` ಹೆಚ್ಚಿಸಿ.

ಪ್ರತಿ ಫ್ರೇಮಿಗೂ ಹಿನ್ನೆಲೆ ಹೊಸದಾಗಿ ಬೇಕಾದ್ದರಿಂದ ಇದರ ಖರ್ಚು ಡಾಲಿಯಷ್ಟೇ, ಅಂದರೆ ಆ 19 ಗಂಟೆ. ತಿದ್ದಬೇಕಾದರೆ ಮತ್ತೆ 19 ಗಂಟೆ. ಮತ್ತೆ, ಇದು ಬೇಗ ಹಳಸುವ ಸಾಮಾನು. ಐದು ನಿಮಿಷದ ಕಿರುಚಿತ್ರದಲ್ಲಿ ಒಂದು ಸಲ ಬಳಸಿದರೆ ಬಾಗಿಲು ಕಾಣುತ್ತದೆ, ಎರಡನೇ ಸಲಕ್ಕೆ ಕಸರತ್ತು ಕಾಣುತ್ತದೆ.

ಪ್ಯಾನ್: ಕಾಣದಂತೆ ಮಾಡುವ ಕೆಲಸ

ಪ್ಯಾನಿನಲ್ಲಿ ಕ್ಯಾಮೆರಾ ನಿಂತಲ್ಲೇ ತಿರುಗುತ್ತದೆ. ಗಾತ್ರವಾಗಲಿ ಆಳವಾಗಲಿ ಬದಲಾಗುವುದಿಲ್ಲ, ಆದರೆ ಉಳಿದೆರಡು ಮಾಡಲಾಗದ್ದನ್ನು ಇದು ಮಾಡುತ್ತದೆ: ನೋಡುವವನಿಗೆ ಗೊತ್ತಿರುವುದನ್ನು ಅವನ ಕಣ್ಣಿಂದ ಕಿತ್ತುಕೊಳ್ಳುತ್ತದೆ. ಬಾಗಿಲು ತೆರೆದದ್ದನ್ನು ತೋರಿಸಿ, ಹುಡುಗಿಯನ್ನೂ ಬಾಗಿಲನ್ನೂ ಬಿಟ್ಟು ಕಿಟಕಿಯ ಕಡೆ ತಿರುಗಿದರೆ ಅಲ್ಲಿ ಏನೂ ಇಲ್ಲದಿದ್ದರೂ ಆತಂಕ ಏರುತ್ತದೆ. ಭಯ ಫ್ರೇಮಿನ ಆಚೆ ಇರಬೇಕಾದ ಶಾಟಿಗೆ ಪ್ಯಾನ್.

ಇದರ ಮಿತಿ ಸಮಯ. ಒಂದು ವಸ್ತು ಫ್ರೇಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಸುಮಾರು 7 ಸೆಕೆಂಡು ಬೇಕು ಎಂಬುದು ಸಿನಿಮಾ ಛಾಯಾಗ್ರಾಹಕರ ಹಳೆಯ ಲೆಕ್ಕ. ಅದಕ್ಕಿಂತ ವೇಗವಾದರೆ 24 ಫ್ರೇಮಿನಲ್ಲಿ ಕಿಟಕಿ ಸರಳುಗಳಂಥ ನೆಟ್ಟಗಿನ ಗೆರೆಗಳು ಎರಡೆರಡಾಗಿ ಮಿಣುಕುತ್ತವೆ. ಕಿಟಕಿ 60 ಡಿಗ್ರಿ ಎಡಕ್ಕಿದೆ ಅಂದುಕೊಳ್ಳಿ. 50ರ ಲೆನ್ಸ್ ನೋಡುವುದು 39.6 ಡಿಗ್ರಿ, ಆ ಲೆಕ್ಕದಲ್ಲಿ ಅಲ್ಲಿಗೆ ಹೋಗಲು 10.6 ಸೆಕೆಂಡು ಬೇಕು. ನಮ್ಮಲ್ಲಿರುವುದು 12. ಶುರುವಿನ ನಿಲುವಿಗೂ ಕೊನೆಯ ನಿಲುವಿಗೂ ಸೇರಿ ಒಂದೂವರೆ ಸೆಕೆಂಡು ಕೂಡ ಉಳಿಯುವುದಿಲ್ಲ. 35ರ ಲೆನ್ಸಾದರೆ 7.7 ಸೆಕೆಂಡಿಗೆ ಮುಗಿದು ನಾಲ್ಕು ಸೆಕೆಂಡು ಉಳಿಯುತ್ತದೆ, ಆದರೆ ಹುಡುಗಿ ಶುರುವಿನಲ್ಲೇ ಇನ್ನೂ ಸಣ್ಣಗೆ ಕಾಣುತ್ತಾಳೆ. ಇದರಲ್ಲಿ ಒಂದನ್ನು ಬಿಡಲೇಬೇಕು. 35ನ್ನೇ ಹಿಡಿಯುವುದು ವಾಸಿ, ಪ್ಯಾನಿನಲ್ಲಿ ಭಯ ಹುಟ್ಟುವುದು ಕೊನೆಯ ನಿಲುವಿನಲ್ಲಿ. `Motion Blur` ಹಾಕಿ `Shutter` 0.5 ಇಟ್ಟರೆ ಸರಳುಗಳ ಮಿಣುಕು ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

2ಡಿಯಲ್ಲಿ ಪ್ಯಾನ್ ಅಂದರೆ ಅಗಲವಾದ ಹಿನ್ನೆಲೆಯನ್ನು ಪಕ್ಕಕ್ಕೆ ಎಳೆಯುವುದು. 7 ಸೆಕೆಂಡಿಗೆ ಒಂದು ಫ್ರೇಮಿನಗಲ ಅಂದರೆ ಫ್ರೇಮಿಗೆ 11ಕ್ಕಿಂತ ಸ್ವಲ್ಪ ಹೆಚ್ಚು ಪಿಕ್ಸೆಲ್. ತೀರಾ ನಿಧಾನವಾಗಿ, ಫ್ರೇಮಿಗೆ ಒಂದು ಪಿಕ್ಸೆಲ್ಲಿಗೂ ಕಡಿಮೆ ಎಳೆದರೆ ತೆಳು ಗೆರೆಗಳು ನಡುಗುತ್ತವೆ, ಹಿನ್ನೆಲೆಗೆ ಸಣ್ಣ ಮಸುಕು ಕೊಟ್ಟರೆ ನಿಲ್ಲುತ್ತದೆ. ನಡೆಯುವ ಪಾತ್ರವನ್ನು ಪ್ಯಾನ್ ಹಿಂಬಾಲಿಸುವುದಾದರೆ ಇನ್ನೊಂದು ತಾಪತ್ರಯ: ಪಾತ್ರದ ಚಿತ್ರ ಎರಡು ಫ್ರೇಮಿಗೊಮ್ಮೆ ಬದಲಾಗುತ್ತಾ, ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿದರೆ ಪಾತ್ರ ಅದುರುತ್ತದೆ. ಕೈಕಾಲಿನ ಚಿತ್ರ ಎರಡು ಫ್ರೇಮಿಗೊಮ್ಮೆ ಬದಲಾಗಲಿ, ಪಾತ್ರದ ಜಾಗ ಮಾತ್ರ ಪ್ರತಿ ಫ್ರೇಮಿಗೂ ಸರಿಯಬೇಕು.

ಖರ್ಚಿನಲ್ಲಿ ಪ್ಯಾನ್ ಝೂಮಿನ ನೆಂಟ. ಕ್ಯಾಮೆರಾ ತನ್ನದೇ ಬಿಂದುವಿನಲ್ಲಿ ತಿರುಗಿದರೆ ಪಡಸಾಲೆಯನ್ನು ಒಂದು ಸಲ ಪನೋರಮಾ ಮಾಡಿ ರೆಂಡರ್ ಮಾಡಿಟ್ಟುಕೊಳ್ಳಬಹುದು. ಕ್ಯಾಮೆರಾವನ್ನು ಬೇರೊಂದು ವಸ್ತುವಿಗೆ ಕಟ್ಟಿ ಆ ವಸ್ತುವನ್ನು ತಿರುಗಿಸಿದರೆ ಕ್ಯಾಮೆರಾ ಜಾಗ ಬದಲಿಸಿ ಕಂಬಗಳು ಒಂದರ ಮುಂದೊಂದು ಸರಿಯುತ್ತವೆ, ಪನೋರಮಾ ಹೊಂದುವುದಿಲ್ಲ.

ಹಾಗಾದರೆ ಯಾವುದು?

ಒಬ್ಬರೇ ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದು, ಬಾಗಿಲು ಹುಡುಗಿಯ ಹಿಂದೆಯೇ ಕಾಣುತ್ತಿದ್ದರೆ ಝೂಮ್ ಮಾಡಿ, ಗೆರೆಯನ್ನು ತಿದ್ದಿ. ದೊಡ್ಡ ಹಿನ್ನೆಲೆ ಒಂದು ತೆಗೆದಿಟ್ಟರೆ ನಿರ್ದೇಶಕರು ಎಷ್ಟು ಸಲ ಮನಸ್ಸು ಬದಲಿಸಿದರೂ ಚಿಂತೆಯಿಲ್ಲ. 2ಡಿ ಕೆಲಸ, ಭಯ ಅವಳ ಮನಸ್ಸಿನಲ್ಲಿ ಅಂದರೆ ಮೂರು ಲೇಯರಿನ ಡಾಲಿ. ನೆಲದ ಗೆರೆ ಮುಚ್ಚಲು ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. 3ಡಿ ಸೆಟ್ ಇದೆ, ರೆಂಡರಿಗೆ ಎರಡು ರಾತ್ರಿ ಇದೆ, ಚಿತ್ರದಲ್ಲಿ ಇದೇ ಅತಿ ಮುಖ್ಯ ಗಳಿಗೆ ಅಂದರೆ ಹಿಂದಕ್ಕೆ ಡಾಲಿ ಮಾಡುತ್ತಾ ಝೂಮ್. ಬಾಗಿಲ ಹಿಂದೆ ಏನಿದೆ ಎಂದು ತೋರಿಸುವ ಉದ್ದೇಶವೇ ಇಲ್ಲದಿದ್ದರೆ ಅಥವಾ ತೋರಿಸಲು ಮಾಡೆಲ್ಲೇ ಇಲ್ಲದಿದ್ದರೆ ಪ್ಯಾನ್. ಹೀಗೆ ಬಚಾವಾದ ಕಿರುಚಿತ್ರಗಳು ಕಡಿಮೆಯೇನಿಲ್ಲ.

ಯಾವುದನ್ನು ಆರಿಸಿದರೂ 288 ಫ್ರೇಮನ್ನೂ ಚಲನೆಗೇ ಕೊಡಬೇಡಿ. ಮೊದಲ 48 ಫ್ರೇಮ್ ಕ್ಯಾಮೆರಾ ಅಲ್ಲಾಡದಿರಲಿ, ಜಾಗ ಪರಿಚಯವಾಗಲಿ. ಚಲನೆ ಶುರುವಾಗುವುದು ಬಾಗಿಲು ಕದಲುವುದಕ್ಕೆ ಅರ್ಧ ಸೆಕೆಂಡು ಮುಂಚೆಯೋ ಆಮೇಲೋ ಎಂಬುದನ್ನು ಬೇಕೆಂದೇ ನಿರ್ಧರಿಸಿ. ಮುಂಚೆ ಶುರುವಾದರೆ ಏನೋ ಆಗಲಿದೆ ಅಂತ ಕ್ಯಾಮೆರಾವೇ ಹೇಳಿಬಿಡುತ್ತದೆ, ನೋಡುವವನು ಫ್ರೇಮ್ ಪೂರ್ತಿ ಹುಡುಕುತ್ತಾನೆ. ಆಮೇಲೆ ಶುರುವಾದರೆ ಅವನೂ ಕ್ಯಾಮೆರಾ ಜೊತೆಗೇ ಬೆಚ್ಚುತ್ತಾನೆ. ಎರಡೂ ಒಂದೇ ಫ್ರೇಮಿನಲ್ಲಿ ಶುರುವಾದರೆ ಬಾಗಿಲಿನ ಸಣ್ಣ ಕದಲಿಕೆ ಕ್ಯಾಮೆರಾದ ಚಲನೆಯೊಳಗೆ ಮುಳುಗಿಹೋಗುತ್ತದೆ. ರೆಂಡರಿಗೆ ಹಾಕುವ ಮೊದಲು `Viewport Render Animation` ಬಳಸಿ ಮುಂಚೆ ಶುರುವಾಗುವುದು, ಆಮೇಲೆ ಶುರುವಾಗುವುದು ಎರಡನ್ನೂ ತಯಾರಿಸಿ, ಸದ್ದಿಲ್ಲದೆ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಬಾಗಿಲು ತೆರೆದದ್ದನ್ನು ಅವರು ಯಾವ ಫ್ರೇಮಿನಲ್ಲಿ ಗಮನಿಸಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಚಲನೆಯ ಮೊದಲ ಕೀಫ್ರೇಮನ್ನು ಅದಕ್ಕೆ ಹೊಂದಿಸಿ ಹಿಂದೆ ಮುಂದೆ ಮಾಡಿ.